ವರ್ಕ್‌ಸ್ಟೇಷನ್ ಕೇಳುವ ಮೇಲ್: ಉಳಿಯುವ ಗಂಟೆ ಎಲ್ಲಿಗೆ ಹೋಗುತ್ತದೆ?

ಆಫೀಸಿಗೆ ಹೊಸ ಮೆಷಿನ್ ಕೇಳಿ ಬರೆಯುವ ಮೇಲ್‌ಗಳು ಹೆಚ್ಚಾಗಿ ಪ್ರೊಸೆಸರ್ ಹೆಸರಿನಿಂದ ಶುರುವಾಗುತ್ತವೆ. ಎಷ್ಟು ಕೋರ್, ಎಷ್ಟು ರ‍್ಯಾಮ್, ಯಾವ ಗ್ರಾಫಿಕ್ಸ್ ಕಾರ್ಡ್. ಕೊನೆಯಲ್ಲಿ ಒಂದು ಸಾಲು: ಇದರಿಂದ ನಮ್ಮ ಸಮಯ ತುಂಬಾ ಉಳಿಯುತ್ತದೆ. ಮ್ಯಾನೇಜರ್‌ಗೆ ಬೇಕಾಗಿರುವುದು ಆ ಕೊನೆಯ ಸಾಲಿನ ವಿವರ. ಮೇಲ್‌ನಲ್ಲಿ ಇಲ್ಲದಿರುವುದೂ ಅದೇ.

ನಮ್ಮದು ಮೈಸೂರಿನ ಒಂದು ಸಣ್ಣ ಇಂಟೀರಿಯರ್ ಆಫೀಸು. ಡಿಸೈನ್ ಟೀಮಿನಲ್ಲಿ ನಾಲ್ಕು ಜನ. ಅಪಾರ್ಟ್‌ಮೆಂಟ್ ಮನೆಗಳು, ಮಾಡ್ಯುಲರ್ ಕಿಚನ್, ವಾರ್ಡ್‌ರೋಬ್, ಆಗಾಗ ಒಂದು ಕ್ಲಿನಿಕ್ಕೋ ಅಂಗಡಿಯೋ. ಇಬ್ಬರು ಸ್ಕೆಚಪ್‌ನಲ್ಲಿ ಮಾಡೆಲ್ ಮಾಡಿ ವಿ-ರೇಯಲ್ಲಿ ರೆಂಡರ್, ಅಂದರೆ ಮನೆ ಹೇಗೆ ಕಾಣುತ್ತದೆ ಅಂತ ತೋರಿಸುವ ಫೋಟೊದಂಥ ಚಿತ್ರ, ತೆಗೆಯುತ್ತೇವೆ. ಇನ್ನಿಬ್ಬರು ವರ್ಕಿಂಗ್ ಡ್ರಾಯಿಂಗ್, ಪ್ಲೈವುಡ್ ಕಟಿಂಗ್ ಲಿಸ್ಟ್, ಸೈಟ್ ಅಳತೆ ನೋಡಿಕೊಳ್ಳುತ್ತಾರೆ. ನಾಲ್ಕೂ ಮೆಷಿನ್ ಒಂದೇ ಥರದವು: ಆರು ಕೋರ್ ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿಯ ಗ್ರಾಫಿಕ್ಸ್ ಕಾರ್ಡ್. ರೆಂಡರ್ ಕೊಟ್ಟರೆ ಮೆಷಿನ್ ಕೈಗೆ ಸಿಗುವುದಿಲ್ಲ, ಕೂತು ಕಾಯಬೇಕು. ಇದು ಎಲ್ಲರಿಗೂ ಗೊತ್ತಿತ್ತು. ಆದರೆ ಎಷ್ಟು ಕಾಯುತ್ತೇವೆ ಅಂತ ಯಾರಿಗೂ ಗೊತ್ತಿರಲಿಲ್ಲ.

ಮೇಲ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೊದಲು ಮಾಡಿದ ಕೆಲಸ ಅಂದರೆ ಎರಡು ವಾರ ಬರೆದಿಡುವುದು. ಪ್ರತಿ ಟೇಬಲ್ ಮೇಲೆ ಒಂದು ಎ4 ಹಾಳೆ. ಅದರಲ್ಲಿ ಮೂರೇ ಕಾಲಂ: ಎಷ್ಟು ಹೊತ್ತಿಗೆ ಕೆಲಸ ನಿಂತಿತು, ಎಷ್ಟು ಹೊತ್ತಿಗೆ ಮತ್ತೆ ಶುರುವಾಯಿತು, ಯಾಕೆ. ನಿಯಮ ಒಂದೇ. ಮೆಷಿನ್ ಓಡಿದ ಹೊತ್ತನ್ನು ಬರೆಯಬಾರದು, ಮನುಷ್ಯ ಕೈಕಟ್ಟಿ ಕೂತ ಹೊತ್ತನ್ನು ಮಾತ್ರ ಬರೆಯಬೇಕು.

ಈ ನಿಯಮಕ್ಕೆ ಕಾರಣ ಇದೆ. ಫೈನಲ್ ರೆಂಡರ್‌ಗಳನ್ನು ನಾವು ಸಾಮಾನ್ಯವಾಗಿ ಸಂಜೆ ಹೊರಡುವಾಗ ಹಾಕಿ ಹೋಗುತ್ತೇವೆ. ರಾತ್ರಿ ಎಂಟು ಗಂಟೆ ಓಡಿ ಮುಗಿದಿರುತ್ತದೆ. ಹೊಸ ಮೆಷಿನ್‌ನಲ್ಲಿ ಅದು ಎರಡು ಗಂಟೆಯಲ್ಲಿ ಮುಗಿದರೆ ಆರು ಗಂಟೆ ಉಳಿಯಿತು ಅಂತ ಬರೆಯುವ ಆಸೆಯಾಗುತ್ತದೆ. ಆದರೆ ಆ ಆರು ಗಂಟೆ ನಾವೆಲ್ಲ ಮನೆಯಲ್ಲಿ ಮಲಗಿರುತ್ತೇವೆ. ಯಾರಿಗೂ ಏನೂ ಉಳಿಯಲಿಲ್ಲ. ರಾತ್ರಿ ರೆಂಡರನ್ನು ಲೆಕ್ಕಕ್ಕೆ ಸೇರಿಸಿದರೆ ಅಂಕಿ ಚೆನ್ನಾಗಿ ಕಾಣುತ್ತದೆ, ಮ್ಯಾನೇಜರ್ ಒಂದು ಪ್ರಶ್ನೆ ಕೇಳಿದ ಕೂಡಲೇ ಇಡೀ ಮೇಲ್ ಮೇಲಿನ ನಂಬಿಕೆ ಹೋಗುತ್ತದೆ.

ಎರಡು ವಾರದ ಹಾಳೆ ಕೂಡಿದಾಗ ನಾಲ್ಕು ಜನರದ್ದೂ ಸೇರಿ 44 ಗಂಟೆ ಬಂತು. ಅದರಲ್ಲಿ 26 ಗಂಟೆ ಟೆಸ್ಟ್ ರೆಂಡರ್. ಇದೇ ದೊಡ್ಡ ಪಾಲು ಆಗಿದ್ದು ನನಗೂ ಹೊಸ ವಿಷಯ. ಎಲ್ಲರೂ ದೂರುತ್ತಿದ್ದದ್ದು ಫೈನಲ್ ರೆಂಡರ್ ಬಗ್ಗೆ. ನಿಜವಾಗಿ ದಿನ ತಿನ್ನುತ್ತಿದ್ದದ್ದು ಈ ಸಣ್ಣ ಸಣ್ಣ ಕಾಯುವಿಕೆ. ಪ್ರೊಫೈಲ್ ಲೈಟಿನ ಬೆಳಕು ಜಾಸ್ತಿ ಆಯಿತಾ? ಲ್ಯಾಮಿನೇಟ್‌ನ ಮರದ ಗೆರೆ ಅಡ್ಡ ಬಂತಾ, ಉದ್ದ ಬಂತಾ? ಕೌಂಟರ್ ಗ್ರಾನೈಟ್ ಹೊಳೆಯುವುದು ಅತಿಯಾಯಿತಾ? ಇದನ್ನು ನೋಡೋಕೆ ಒಂದು ಚಿಕ್ಕ ರೆಂಡರ್. ಹದಿನೆಂಟು, ಇಪ್ಪತ್ತು ನಿಮಿಷ. ಅಷ್ಟರಲ್ಲಿ ಬೇರೆ ದೊಡ್ಡ ಕೆಲಸ ಕೈಗೆತ್ತಿಕೊಳ್ಳಲು ಆಗುವುದಿಲ್ಲ, ಮೆಷಿನ್ ಕೂಡ ಬಿಡುವುದಿಲ್ಲ. ಉಳಿದದ್ದರಲ್ಲಿ 11 ಗಂಟೆ ಹಗಲಿನಲ್ಲೇ ಅರ್ಜೆಂಟಾಗಿ ತೆಗೆಯಬೇಕಾಗಿ ಬಂದ ಫೈನಲ್‌ಗಳು. ಇನ್ನು 7 ಗಂಟೆ ಫೈಲ್ ತೆರೆಯುವುದು, ಸೇವ್ ಆಗುವುದು, ಹ್ಯಾಂಗ್ ಆಗುವುದು.

ಎರಡು ವಾರಕ್ಕೆ 44 ಅಂದರೆ ತಿಂಗಳಿಗೆ 88 ಗಂಟೆ. ಇಲ್ಲಿಗೇ ಮೇಲ್ ಬರೆದು ಕಳಿಸಬಹುದಿತ್ತು. ಆದರೆ 88 ಗಂಟೆ ಕಾಯುತ್ತೇವೆ ಅನ್ನುವುದು ಬೇರೆ, ಹೊಸ ಮೆಷಿನ್ ಬಂದರೆ 88 ಗಂಟೆ ಉಳಿಯುತ್ತದೆ ಅನ್ನುವುದು ಬೇರೆ.

ಮುಂದಿನ ಪ್ರಶ್ನೆ, ಈಗಿನ ಮೆಷಿನ್ ನಿಧಾನ ಆಗುತ್ತಿರುವುದು ಎಲ್ಲಿ? ಇದಕ್ಕೆ ಯಾವ ದೊಡ್ಡ ಸಾಫ್ಟ್‌ವೇರೂ ಬೇಡ. ವಿಂಡೋಸ್‌ನ `Task Manager` ತೆರೆದು `Performance` ಪುಟ ನೋಡುತ್ತಾ ಒಂದು ರೆಂಡರ್ ಕೊಟ್ಟರೆ ಸಾಕು. ಸಾಧಾರಣ ಬೆಡ್‌ರೂಮ್ ಸೀನ್ ಕೊಟ್ಟಾಗ `CPU` 100% ಮುಟ್ಟಿ ಅಲ್ಲೇ ನಿಂತಿತು. ಮೆಮೊರಿ 11 ಜಿಬಿ ಹತ್ತಿರ. ಇದರ ಅರ್ಥ ಪ್ರೊಸೆಸರ್ ತನ್ನ ಕೈಲಾದಷ್ಟೂ ಮಾಡುತ್ತಿದೆ, ಅದರ ಶಕ್ತಿಯೇ ಅಷ್ಟು. ಆಮೇಲೆ ಲಿವಿಂಗ್, ಡೈನಿಂಗ್, ಕಿಚನ್ ಮೂರೂ ಒಟ್ಟಿಗೆ ಇರುವ ಸೀನ್ ಕೊಟ್ಟೆವು. ಗಿಡಗಳು, ಕಾರ್ಪೆಟ್, ಕರ್ಟನ್ ಎಲ್ಲ ಇದ್ದ ಫೈಲ್. ಮೆಮೊರಿ 15 ಜಿಬಿ ದಾಟಿತು. `Disk` 100%ಗೆ ಹೋಯಿತು. `CPU` ಮಾತ್ರ 30%, 40% ನಡುವೆ ತೂಗಾಡುತ್ತಿತ್ತು. ಇಲ್ಲಿ ಪ್ರೊಸೆಸರ್ ಸುಮ್ನೆ ಕೂತಿದೆ. ರ‍್ಯಾಮ್‌ನಲ್ಲಿ ಜಾಗ ಸಾಲದೆ ವಿಂಡೋಸ್ ಡಿಸ್ಕಿಗೆ ಬರೆದು ಓದಿ ಮಾಡುತ್ತಿದೆ. ಇದು ರ‍್ಯಾಮ್ ಕೊರತೆ.

ಈ ವ್ಯತ್ಯಾಸ ಗೊತ್ತಿಲ್ಲದೆ ಮೆಷಿನ್ ಕೇಳಬಾರದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಎಲ್ಲ ಸೀನ್‌ಗಳೂ ಎರಡನೆಯ ಥರವೇ ಆಗಿದ್ದರೆ ನಮಗೆ ಬೇಕಾಗಿದ್ದದ್ದು ನಾಲ್ಕು ಜೊತೆ ರ‍್ಯಾಮ್, ವರ್ಕ್‌ಸ್ಟೇಷನ್ ಅಲ್ಲ. ಆಗ ಎರಡೂವರೆ ಲಕ್ಷ ಕೇಳುವುದು ಆಫೀಸಿಗೆ ಮಾಡುವ ಅನ್ಯಾಯ. ನಮ್ಮಲ್ಲಿ ಹೆಚ್ಚಿನ ಸೀನ್ ಮೊದಲನೆಯ ಥರದ್ದು. ರ‍್ಯಾಮ್ ಹಾಕಿದರೆ ಹ್ಯಾಂಗ್ ಆಗುವುದು ನಿಲ್ಲುತ್ತಿತ್ತು, ಟೆಸ್ಟ್ ರೆಂಡರ್ ಬೇಗ ಬರುತ್ತಿರಲಿಲ್ಲ.

ಇನ್ನೊಂದು ವಿಷಯವೂ ಇಲ್ಲೇ ಇತ್ಯರ್ಥ ಆಯಿತು. ಸ್ಕೆಚಪ್‌ನಲ್ಲಿ ಮಾಡೆಲ್ ಮಾಡುವ ಕೆಲಸ ಬಹುಮಟ್ಟಿಗೆ ಒಂದೇ ಕೋರ್ ಮೇಲೆ ನಡೆಯುತ್ತದೆ. ಹದಿನಾರು ಕೋರ್ ಕೊಟ್ಟರೂ ಹದಿನೈದು ಕೋರ್‌ಗೆ ಅಲ್ಲಿ ಕೆಲಸ ಇಲ್ಲ. ಡ್ರಾಯಿಂಗ್, ಕಟಿಂಗ್ ಲಿಸ್ಟ್ ಮಾಡುವ ಇಬ್ಬರಿಗೆ ಈಗಿನ ಮೆಷಿನ್ ಸಾಕು. ಹಾಗಾಗಿ ನಾಲ್ಕು ಮೆಷಿನ್ ಕೇಳುವ ಮಾತು ಬಿಟ್ಟುಬಿಟ್ಟೆವು. ಒಂದು ಸಾಕು. ರೆಂಡರ್‌ಗೆ ಮಾತ್ರ. ಪಕ್ಕದಲ್ಲಿ ಅವರವರ ಹಳೆಯ ಮೆಷಿನ್ ಇದ್ದೇ ಇರುತ್ತದೆ, ಫೈನಲ್ ಓಡುವಾಗ ಅಲ್ಲಿ ಕೂತು ಬೇರೆ ಕೆಲಸ ಮಾಡಬಹುದು.

ಹೊಸ ಮೆಷಿನ್ ಎಷ್ಟು ವೇಗ ಅಂತ ಹೇಳೋಕೆ ಇಂಟರ್ನೆಟ್ಟಿನ ಬೆಂಚ್‌ಮಾರ್ಕ್ ಅಂಕಿಗಳಿವೆ. ಒಂದು ಅಂದಾಜಿಗೆ ಅವು ಒಳ್ಳೆಯವೇ. ಆದರೆ ಮ್ಯಾನೇಜರ್‌ಗೆ ತೋರಿಸಬೇಕಾದದ್ದು ಅವರಿಗೆ ಗೊತ್ತಿರುವ ಮನೆಯ ರೆಂಡರ್. ನಮಗೆ ಸಾಮಾನು ಕೊಡುವ ಕಂಪ್ಯೂಟರ್ ಅಂಗಡಿಯವರು ಹದಿನಾರು ಕೋರಿನ ಒಂದು ಮೆಷಿನ್ ಜೋಡಿಸಿ ಇಟ್ಟಿದ್ದರು. ಕೇಳಿದ್ದಕ್ಕೆ ಒಂದು ಮಧ್ಯಾಹ್ನ ಕೊಟ್ಟರು. ನಮ್ಮ ಲೈಸೆನ್ಸ್‌ನಲ್ಲಿ ಲಾಗಿನ್ ಆಗಿ, ಆಗಷ್ಟೇ ಮುಗಿಸಿದ ಒಂದು ಮನೆಯ ಫೈಲ್ ತೆಗೆದುಕೊಂಡು ಹೋದೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ವಿ-ರೇಯಲ್ಲಿ ರೆಂಡರ್ ಯಾವಾಗ ನಿಲ್ಲಬೇಕು ಅಂತ ಎರಡು ರೀತಿಯಲ್ಲಿ ಹೇಳಬಹುದು. ಒಂದು `Noise Limit`, ಅಂದರೆ ಚಿತ್ರದ ಕಾಳುಕಾಳು ಇಷ್ಟಕ್ಕೆ ಇಳಿದ ಮೇಲೆ ನಿಲ್ಲು. ಇನ್ನೊಂದು `Time Limit`, ಅಂದರೆ ಇಷ್ಟು ನಿಮಿಷ ಆದ ಮೇಲೆ ನಿಲ್ಲು. `Time Limit`ನಲ್ಲಿ ಹತ್ತು ನಿಮಿಷ ಅಂತ ಇದ್ದರೆ ಹಳೆಯ ಮೆಷಿನ್‌ಗೂ ಹತ್ತು ನಿಮಿಷ, ಹೊಸದಕ್ಕೂ ಹತ್ತು ನಿಮಿಷ. ಗಡಿಯಾರ ನೋಡಿದರೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಹೊಸದರಲ್ಲಿ ಚಿತ್ರ ಶುಭ್ರವಾಗಿ ಬಂದಿರುತ್ತದೆ ಅಷ್ಟೇ. ಹಾಗಾಗಿ ಹೋಲಿಸುವಾಗ ಸಮಯದ ಮಿತಿಯನ್ನು ತೆಗೆದು, ಎರಡೂ ಕಡೆ ಒಂದೇ `Noise Limit` ಇಡಬೇಕು. ಒಂದೇ ಸೈಜು, ಒಂದೇ ಕ್ಯಾಮೆರಾ, ವಿ-ರೇಯ ಒಂದೇ ವರ್ಷನ್. ಕಾಳುಕಾಳು ಅಳಿಸುವ ಡಿನಾಯ್ಸರ್ ಹಾಕಿದ್ದರೆ ಎರಡರಲ್ಲೂ ಹಾಕಿರಬೇಕು. ಮೊದಲನೇ ಸಲ ಓಡಿಸಿದ್ದನ್ನು ಬಿಟ್ಟು ಎರಡನೆಯದನ್ನು ಬರೆದುಕೊಳ್ಳುವುದು ಒಳ್ಳೆಯದು, ಟೆಕ್ಸ್ಚರ್ ಫೈಲ್‌ಗಳು ಡಿಸ್ಕಿನಿಂದ ಬರುವ ಹೊತ್ತು ಮೊದಲನೆಯದರಲ್ಲಿ ಸೇರಿಕೊಂಡಿರುತ್ತದೆ.

ಹೀಗೆ ಮಾಡಿದಾಗ ನಮ್ಮ ಮೆಷಿನ್‌ನಲ್ಲಿ 19 ನಿಮಿಷದ ಟೆಸ್ಟ್ ರೆಂಡರ್ ಅಲ್ಲಿ 4 ನಿಮಿಷಕ್ಕೆ ಬಂತು. ಮೂರು ಗಂಟೆ ಹತ್ತು ನಿಮಿಷದ ಫೈನಲ್ 40 ನಿಮಿಷಕ್ಕೆ ಬಂತು. ಹೆಚ್ಚುಕಮ್ಮಿ ಐದರಲ್ಲಿ ಒಂದು ಪಾಲು.

ಈಗ ಉಳಿಯುವ ಗಂಟೆ ಲೆಕ್ಕ ಹಾಕಬಹುದು. ಎರಡು ವಾರದ 26 ಗಂಟೆ ಟೆಸ್ಟ್ ರೆಂಡರ್‌ನಲ್ಲಿ ಎಲ್ಲವೂ ಹೊಸ ಮೆಷಿನ್‌ಗೆ ಬರುವುದಿಲ್ಲ. ಇಬ್ಬರು ರೆಂಡರ್ ಮಾಡುವವರು, ಮೆಷಿನ್ ಒಂದು. ಮೂರರಲ್ಲಿ ಎರಡು ಪಾಲು ಬರುತ್ತದೆ ಅಂತ ಹಿಡಿದೆ, ಸುಮಾರು 17 ಗಂಟೆ. ಅದು ಮೂರೂವರೆ ಗಂಟೆಗೆ ಇಳಿದರೆ ಉಳಿಯುವುದು 14ರ ಹತ್ತಿರ, 14 ಅಂತಲೇ ಬರೆದೆ. ಹಗಲಿನ ಫೈನಲ್‌ಗಳ 11ರಲ್ಲಿ 9. ಹ್ಯಾಂಗ್ ಆಗುವ 7 ಗಂಟೆಯಲ್ಲಿ ಸೊನ್ನೆ, ಯಾಕಂದರೆ ಉಳಿದ ಮೆಷಿನ್‌ಗಳು ಹಾಗೇ ಇರುತ್ತವೆ. ಒಟ್ಟು 23, ತಿಂಗಳಿಗೆ 46. ಇದರಲ್ಲೂ ಕಾಲು ಭಾಗ ಕಡಿಮೆ ಮಾಡಿದೆ. ರೆಂಡರ್ ಕಾಯುವಾಗ ನಾವು ಕಾರ್ಪೆಂಟರ್‌ಗೆ ಫೋನ್ ಮಾಡುತ್ತೇವೆ, ಹಾರ್ಡ್‌ವೇರ್ ಲಿಸ್ಟ್ ನೋಡುತ್ತೇವೆ, ಟೀ ಕುಡಿಯುತ್ತೇವೆ. ಅದೆಲ್ಲ ಪೂರ್ತಿ ವ್ಯರ್ಥ ಅಲ್ಲ. ಕೊನೆಗೆ ನಿಂತದ್ದು ತಿಂಗಳಿಗೆ 34 ಗಂಟೆ.

88ರಿಂದ 34. ಇಷ್ಟು ಕೆಳಗೆ ಬಂದದ್ದು ನೋಡಿ ಟೀಮಿನ ಒಬ್ಬರಿಗೆ ಬೇಸರ ಆಯಿತು. ನನಗೆ ಧೈರ್ಯ ಬಂತು. ಈ 34ನ್ನು ಯಾರು ಹೇಗೆ ಕೆದಕಿದರೂ ಉತ್ತರ ಇತ್ತು.

ಇಲ್ಲಿಂದ ಮುಂದೆ ಸಾಮಾನ್ಯವಾಗಿ ಎಲ್ಲರೂ ಮಾಡುವುದು ಗಂಟೆಗಳನ್ನು ಸಂಬಳಕ್ಕೆ ಗುಣಿಸುವುದು. ನಾನೂ ಗುಣಿಸಿದೆ. ಪಿಎಫ್ ಎಲ್ಲ ಸೇರಿ ಒಬ್ಬ ಡಿಸೈನರ್‌ಗೆ ಆಫೀಸು ತಿಂಗಳಿಗೆ ₹38,000 ಖರ್ಚು ಮಾಡುತ್ತದೆ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 192 ಗಂಟೆ ಕೆಲಸ. ಗಂಟೆಗೆ ₹200 ಹತ್ತಿರ. 34 ಗಂಟೆಗೆ ₹6,800. ಮೆಷಿನ್ ಮತ್ತು ಯುಪಿಎಸ್ ಸೇರಿ ₹2,53,000. ದುಡ್ಡು ವಾಪಸ್ ಬರೋಕೆ 37 ತಿಂಗಳು, ಅಂದರೆ ಮೂರು ವರ್ಷದ ಮೇಲೆ. ವಾರಂಟಿಯೇ ಮೂರು ವರ್ಷ.

ಹೊರದೇಶದವರು ಬರೆದ ಇಂಥ ಲೆಕ್ಕಗಳಲ್ಲಿ ಮೆಷಿನ್ ಕೆಲವೇ ತಿಂಗಳಲ್ಲಿ ದುಡ್ಡು ತೀರಿಸಿಬಿಡುತ್ತದೆ. ಅಲ್ಲಿ ಒಂದು ಗಂಟೆಯ ಸಂಬಳ ನಮ್ಮಲ್ಲಿನದರ ಎಷ್ಟೋ ಪಟ್ಟು. ಮೆಷಿನ್ ಬೆಲೆ ಮಾತ್ರ ಎರಡೂ ಕಡೆ ಹತ್ತಿರ ಹತ್ತಿರ. ಇಲ್ಲಿ ಜಾಸ್ತಿಯೇ ಇರಬಹುದು. ಅವರ ಮಾದರಿ ಮೇಲ್ ತಂದು ನಮ್ಮ ಸಂಬಳ ತುಂಬಿದರೆ ಮೈಸೂರಿನಲ್ಲಿ ವರ್ಕ್‌ಸ್ಟೇಷನ್ ಕೊಳ್ಳಲೇಬಾರದು ಅಂತ ಉತ್ತರ ಬರುತ್ತದೆ.

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಆ ₹6,800 ಎಲ್ಲಿಯೂ ಉಳಿಯುವುದಿಲ್ಲ. ಮೆಷಿನ್ ಬಂದರೂ ನಮ್ಮ ಸಂಬಳ ಅಷ್ಟೇ. ತಿಂಗಳ ಕೊನೆಗೆ ಬ್ಯಾಂಕ್ ಖಾತೆ ನೋಡುವ ಮ್ಯಾನೇಜರ್‌ಗೆ ಇದು ಚೆನ್ನಾಗಿ ಗೊತ್ತು. ಗಂಟೆ ಉಳಿದ ಮಾತ್ರಕ್ಕೆ ದುಡ್ಡು ಉಳಿಯಲಿಲ್ಲ. ಆ ಗಂಟೆ ಯಾವ ಕೆಲಸಕ್ಕೆ ಹೋಗುತ್ತದೆ, ಆ ಕೆಲಸಕ್ಕೆ ಈಗ ದುಡ್ಡು ಹೋಗುತ್ತಿದೆಯಾ, ಇದನ್ನು ಹುಡುಕಬೇಕು. ಮೇಲ್‌ನ ಜೀವ ಇರುವುದು ಅಲ್ಲಿ.

ನಮ್ಮಲ್ಲಿ ಅದು ಹೊರಗಿನ ರೆಂಡರ್ ಬಿಲ್. ಕೈಯಲ್ಲಿ ಕೆಲಸ ಜಾಸ್ತಿಯಾದಾಗ, ಕ್ಲೈಂಟ್ ನಾಳೆ ಬರುತ್ತಾರೆ ಅಂದಾಗ, ನಾವು ಮಾಡೆಲ್ ಫೈಲನ್ನು ಹೊರಗೆ ರೆಂಡರ್ ಮಾಡಿಕೊಡುವವರಿಗೆ ಕಳಿಸುತ್ತೇವೆ. ಒಂದು ವ್ಯೂಗೆ, ಅಂದರೆ ಒಂದು ಚಿತ್ರಕ್ಕೆ, ₹2,500. ಅಕೌಂಟ್ಸ್ ನೋಡಿಕೊಳ್ಳುವ ಮೇಡಂ ಹತ್ತಿರ ಆರು ತಿಂಗಳ ಬಿಲ್ ಕೇಳಿ ತೆಗೆಸಿದೆ. 31 ವ್ಯೂ, ₹77,500. ಒಂದೊಂದು ಬಿಲ್ಲನ್ನೂ ಹಿಡಿದು ಇದನ್ನು ನಾವೇ ಮಾಡಬಹುದಿತ್ತಾ ಅಂತ ನೋಡಿದೆವು. ಏಳು ವ್ಯೂ ಕಟ್ಟಡದ ಹೊರನೋಟ, ರಾತ್ರಿಯ ಬೆಳಕಿನಲ್ಲಿ. ಅದರ ಕೈಚಳಕ ನಮ್ಮ ಟೀಮಿಗೆ ಇಲ್ಲ, ಮೆಷಿನ್ ಬಂದರೂ ಬರುವುದಿಲ್ಲ. ಉಳಿದ 24 ಒಳಾಂಗಣದ ವ್ಯೂ. ಹೊತ್ತಿಲ್ಲ ಅನ್ನುವ ಒಂದೇ ಕಾರಣಕ್ಕೆ ಹೊರಗೆ ಹೋದವು. ಆರು ತಿಂಗಳಿಗೆ ₹60,000, ತಿಂಗಳಿಗೆ ₹10,000. ಇದು ಖಾತೆಯಿಂದ ನಿಜವಾಗಿ ಹೊರಗೆ ಹೋಗುತ್ತಿರುವ ದುಡ್ಡು.

ಈಗ ಇನ್ನೊಂದು ಆಸೆ ಹುಟ್ಟುತ್ತದೆ. ಸಂಬಳದ ₹6,800, ಹೊರಗಿನ ಬಿಲ್ಲಿನ ₹10,000, ಎರಡನ್ನೂ ಕೂಡಿ ತಿಂಗಳಿಗೆ ₹16,800 ಲಾಭ ಅಂತ ಬರೆದುಬಿಡೋಣ, ಅಲ್ವಾ? ಹಾಗೆ ಕೂಡುವಂತಿಲ್ಲ. ಆ ವ್ಯೂಗಳನ್ನು ಒಳಗೆ ಮಾಡಬೇಕಾದರೆ ನಮ್ಮಲ್ಲೇ ಯಾರೋ ಕೂರಬೇಕು. ಮೆಟೀರಿಯಲ್ ಹಾಕಿ, ಲೈಟ್ ಇಟ್ಟು, ಫೋಟೊಶಾಪ್‌ನಲ್ಲಿ ತಿದ್ದಿ ಮುಗಿಸೋಕೆ ಒಂದು ವ್ಯೂಗೆ ಐದು ಗಂಟೆ ಬೇಕು. ತಿಂಗಳಿಗೆ ನಾಲ್ಕು ವ್ಯೂ, 20 ಗಂಟೆ. ಆ 20 ಗಂಟೆ ಬರುವುದು ಉಳಿದ 34ರಿಂದಲೇ. ಅದೇ ಗಂಟೆಯನ್ನು ಒಮ್ಮೆ ಸಂಬಳದಲ್ಲಿ, ಇನ್ನೊಮ್ಮೆ ಬಿಲ್ಲಿನಲ್ಲಿ ಎಣಿಸಿದರೆ ಒಂದೇ ಹಸುವಿನ ಹಾಲನ್ನು ಎರಡು ಡೇರಿಗೆ ಬರೆಸಿದ ಹಾಗೆ. ಹಾಗಾಗಿ ಸಂಬಳದ ಲೆಕ್ಕವನ್ನು ಮೇಲ್‌ನಿಂದ ಪೂರ್ತಿ ತೆಗೆದೆ. 34 ಗಂಟೆಯಲ್ಲಿ 20 ಹೊರಗಿನ ವ್ಯೂಗಳಿಗೆ, ಉಳಿದ 14 ಸೈಟ್ ಚೆಕಿಂಗ್‌ಗೆ ಅಂತ ಮಾತ್ರ ಬರೆದೆ. ಆ 14ಕ್ಕೆ ರೂಪಾಯಿ ಕಟ್ಟಲಿಲ್ಲ.

ಖರ್ಚಿನ ಕಡೆ ಎಲ್ಲರೂ ಮರೆಯುವುದು ಯುಪಿಎಸ್. ನಮ್ಮ ಟೇಬಲ್ ಕೆಳಗೆ ಇರುವುದು 600 ವಿಎ ಪೆಟ್ಟಿಗೆಗಳು. ಅವು ತಡೆಯುವುದು ಸುಮಾರು 360 ವ್ಯಾಟ್. ಹದಿನಾರು ಕೋರೂ ರೆಂಡರ್‌ನಲ್ಲಿ ಪೂರ್ತಿ ಓಡುವಾಗ ಮೆಷಿನ್ ಒಂದೇ ಅಷ್ಟು ಎಳೆಯಬಲ್ಲದು, ಮಾನಿಟರ್ ಬೇರೆ. ಕರೆಂಟ್ ಇರುವವರೆಗೆ ಎಲ್ಲ ಸರಿ. ಹೋದ ಕ್ಷಣಕ್ಕೆ ಯುಪಿಎಸ್ ಕೀ ಅಂತ ಕೂಗಿ ಆರಿಹೋಗುತ್ತದೆ, ಅದರ ಜೊತೆ ಎರಡು ಗಂಟೆಯ ರೆಂಡರ್ ಕೂಡ. ಅದಕ್ಕೇ ಪ್ಯೂರ್ ಸೈನ್ ವೇವ್ ಕೊಡುವ 2 ಕೆವಿಎ ಯುಪಿಎಸ್ ಸೇರಿಸಿದೆ. ₹18,000. ಮೆಷಿನ್ ಬಂದ ಮೇಲೆ ಇನ್ನೊಂದು ಮೇಲ್ ಬರೆದು ಯುಪಿಎಸ್ ಕೇಳುವುದಕ್ಕಿಂತ ಇದು ಮರ್ಯಾದೆ. ವಿದ್ಯುತ್ ಬಿಲ್ಲಿಗೆ ತಿಂಗಳಿಗೆ 80 ಯೂನಿಟ್ ಜಾಸ್ತಿ, ತೆರಿಗೆ ಎಲ್ಲ ಸೇರಿಸಿ ಯೂನಿಟ್‌ಗೆ ₹9 ಅಂತ ಹಿಡಿದು ₹720.

ಜಿಎಸ್‌ಟಿ ವಿಷಯವನ್ನು ಮೇಡಂ ಬಳಿಯೇ ಕೇಳಿ ಬರೆದೆ. ಕಂಪ್ಯೂಟರ್, ಯುಪಿಎಸ್ ಎರಡಕ್ಕೂ 18%. ನಾವು ಕ್ಲೈಂಟ್‌ಗಳಿಗೆ ಜಿಎಸ್‌ಟಿ ಹಾಕಿ ಬಿಲ್ ಮಾಡುವ ಆಫೀಸು. ಕಂಪೊಸಿಷನ್ ಸ್ಕೀಮ್‌ನಲ್ಲಿ ಇಲ್ಲ. ಹಾಗಾಗಿ ಕಟ್ಟಿದ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ಬಿಲ್ ಆಫೀಸಿನ ಜಿಎಸ್‌ಟಿ ನಂಬರ್ ಮೇಲೆ ಇರಬೇಕು ಅಷ್ಟೇ. ಹಾಗೆ ವಜಾ ಮಾಡಿಕೊಂಡ ತೆರಿಗೆ ಮೊತ್ತದ ಮೇಲೆ ಮತ್ತೆ ಸವಕಳಿ ತೋರಿಸುವಂತಿಲ್ಲ. ಆದಾಯ ತೆರಿಗೆಯಲ್ಲಿ ಕಂಪ್ಯೂಟರ್‌ಗೆ ವರ್ಷಕ್ಕೆ 40% ಸವಕಳಿ. ಆ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಅಂದರೆ ಅಕ್ಟೋಬರ್ ಆರಂಭ ದಾಟಿದ ಮೇಲೆ ತೆಗೆದುಕೊಂಡರೆ ಮೊದಲ ವರ್ಷ 20% ಮಾತ್ರ. ನಾವು ಕೇಳುತ್ತಿದ್ದದ್ದು ಸೆಪ್ಟೆಂಬರ್ ಮೊದಲ ವಾರದಲ್ಲಿ. ಈ ಒಂದು ಸಾಲು ಮ್ಯಾನೇಜರ್‌ಗೆ ತಕ್ಷಣ ಮುಟ್ಟಿತು.

ಇಷ್ಟೆಲ್ಲ ಆದ ಮೇಲೆ ಕಳಿಸಿದ ಮೇಲ್ ಇದು. ಹೆಸರು, ಅಂಗಡಿ ವಿವರ ಬಿಟ್ಟು ಉಳಿದದ್ದು ಹಾಗೇ ಇದೆ.

ವಿಷಯ: ರೆಂಡರಿಂಗ್‌ಗೆ ಒಂದು ವರ್ಕ್‌ಸ್ಟೇಷನ್, ₹2,53,000 + ಜಿಎಸ್‌ಟಿ, ನಿಮ್ಮ ಒಪ್ಪಿಗೆಗೆ

ಸರ್, ನಮಸ್ಕಾರ.

ಡಿಸೈನ್ ಟೀಮಿಗೆ ರೆಂಡರ್ ಮಾಡಲು ಒಂದು ವರ್ಕ್‌ಸ್ಟೇಷನ್ ಮತ್ತು ಅದಕ್ಕೆ ತಕ್ಕ ಯುಪಿಎಸ್ ಕೊಳ್ಳಲು ಒಪ್ಪಿಗೆ ಕೇಳುತ್ತಿದ್ದೇನೆ. ಮೆಷಿನ್ ₹2,35,000, ಯುಪಿಎಸ್ ₹18,000, ಒಟ್ಟು ₹2,53,000. ಜಿಎಸ್‌ಟಿ ₹45,540 ಬೇರೆ, ಅದು ಕ್ರೆಡಿಟ್ ಆಗಿ ವಾಪಸ್ ಸಿಗುತ್ತದೆ ಎಂದು ಅಕೌಂಟ್ಸ್‌ನಲ್ಲಿ ಖಚಿತ ಮಾಡಿಕೊಂಡಿದ್ದೇನೆ. ಕೊಟೇಶನ್ ಪ್ರಕಾರ ಕೈಯಿಂದ ಕೊಡಬೇಕಾದದ್ದು ₹2,98,540.

ಕಳೆದ ಆರು ತಿಂಗಳಲ್ಲಿ ಹೊರಗಿನ ರೆಂಡರ್‌ಗೆ ₹77,500 ಕೊಟ್ಟಿದ್ದೇವೆ. ಅದರಲ್ಲಿ ₹60,000ದ ಕೆಲಸ ನಮಗೆ ಬರುವಂಥದ್ದೇ, ಹೊತ್ತು ಸಾಲದೆ ಹೊರಗೆ ಕೊಟ್ಟದ್ದು. ಎರಡು ವಾರ ಬರೆದಿಟ್ಟ ಲೆಕ್ಕದ ಪ್ರಕಾರ ರೆಂಡರ್ ಕಾಯುವುದರಲ್ಲಿ ಹೋಗುವ ನಮ್ಮ ಟೀಮಿನ ಹೊತ್ತಿನಲ್ಲಿ ತಿಂಗಳಿಗೆ ಕನಿಷ್ಠ 34 ಗಂಟೆಯನ್ನು ಈ ಮೆಷಿನ್ ಉಳಿಸುತ್ತದೆ. ಅದರಲ್ಲಿ 20 ಗಂಟೆ ಬಳಸಿ ತಿಂಗಳಿಗೆ ನಾಲ್ಕು ವ್ಯೂಗಳನ್ನು ನಾವೇ ಮಾಡುತ್ತೇವೆ. ಹೊರಗಿನ ಬಿಲ್ಲಿನಲ್ಲಿ ತಿಂಗಳಿಗೆ ₹10,000 ಕಡಿಮೆಯಾಗುತ್ತದೆ. ವಿದ್ಯುತ್ ಖರ್ಚು ಕಳೆದು ₹9,280. ಹಾಕಿದ ದುಡ್ಡು ಸುಮಾರು 27 ತಿಂಗಳಲ್ಲಿ ವಾಪಸ್. ವಾರಂಟಿ 36 ತಿಂಗಳು. ನಮ್ಮ ಈಗಿನ ಮೆಷಿನ್‌ಗಳಿಗೆ ಐದು ವರ್ಷ ದಾಟಿದೆ.

ಹೊಸ ಲೈಸೆನ್ಸ್, ಮಾನಿಟರ್ ಬೇಡ. ಇರುವುದನ್ನೇ ಬಳಸುತ್ತೇವೆ. ಹೊರನೋಟದ ವ್ಯೂಗಳನ್ನು ಮುಂದೆಯೂ ಹೊರಗೇ ಕೊಡಬೇಕಾಗುತ್ತದೆ.

ಈಗ ಇಷ್ಟು ಖರ್ಚು ಬೇಡ ಎಂದಾದರೆ, ರೆಂಡರ್ ಮಾಡುವ ಎರಡು ಮೆಷಿನ್‌ಗಳಿಗೆ ರ‍್ಯಾಮ್ ಹಾಕಿಸಲು ₹14,000 ಸಾಕು. ಇದರಿಂದ ದೊಡ್ಡ ಫೈಲ್‌ಗಳು ಹ್ಯಾಂಗ್ ಆಗುವುದು ನಿಲ್ಲುತ್ತದೆ. ಹೊರಗಿನ ಬಿಲ್ ಕಡಿಮೆಯಾಗುವುದಿಲ್ಲ.

ಕೊಟೇಶನ್ ಏಳು ದಿನ ಮಾತ್ರ ಚಾಲ್ತಿಯಲ್ಲಿರುತ್ತದೆ. ಸೆಪ್ಟೆಂಬರ್ ಒಳಗೆ ಬಳಕೆ ಶುರುವಾದರೆ ಈ ವರ್ಷವೇ ಪೂರ್ತಿ 40% ಸವಕಳಿ ಸಿಗುತ್ತದೆ. ಕೊಟೇಶನ್, ಆರು ತಿಂಗಳ ಬಿಲ್ ಪಟ್ಟಿ, ಎರಡು ವಾರದ ಹಾಳೆಗಳು ಜೊತೆಗಿವೆ.

ಇಷ್ಟೇ. ಪ್ರೊಸೆಸರ್ ಹೆಸರು ಮೇಲ್‌ನಲ್ಲಿ ಎಲ್ಲೂ ಇಲ್ಲ. ಅದು ಕೊಟೇಶನ್‌ನಲ್ಲಿ ಇದೆ, ಬೇಕಾದವರು ನೋಡುತ್ತಾರೆ. ರ‍್ಯಾಮ್‌ನ ಸಣ್ಣ ದಾರಿಯನ್ನು ಬರೆಯುವುದು ಬೇಡ, ಅದನ್ನೇ ಹಿಡಿದುಕೊಂಡುಬಿಡುತ್ತಾರೆ ಅಂತ ಟೀಮಿನಲ್ಲಿ ಒಂದು ಮಾತು ಬಂತು. ನಾನು ಬಿಡಲಿಲ್ಲ. ಕಡಿಮೆ ಖರ್ಚಿನ ದಾರಿ ಇದ್ದು ಅದನ್ನು ಮುಚ್ಚಿಟ್ಟರೆ, ನಾಳೆ ಯಾರೋ ಹೊರಗಿನವರು ಅವರಿಗೆ ಹೇಳುತ್ತಾರೆ. ನಾವೇ ಹೇಳಿ, ಅದರಿಂದ ಏನು ಆಗುತ್ತದೆ, ಏನು ಆಗುವುದಿಲ್ಲ ಅಂತ ಬರೆದರೆ ತೀರ್ಮಾನ ಅವರದ್ದಾಗುತ್ತದೆ.

ಸರ್ ಎರಡು ದಿನ ಬಿಟ್ಟು ಕರೆದರು. ಗಂಟೆಗಳ ಬಗ್ಗೆ ಒಂದೂ ಪ್ರಶ್ನೆ ಕೇಳಲಿಲ್ಲ. ಬಿಲ್ ಪಟ್ಟಿ ಮುಂದೆ ಇಟ್ಟುಕೊಂಡಿದ್ದರು.

"ಕೆಲಸ ಕಡಿಮೆ ಆದ್ರೆ ಏನ್ ಮಾಡ್ತೀರಿ? ಆಷಾಢದಲ್ಲಿ ಯಾರು ಹೊಸ ಮನೆ ಕೆಲಸ ಶುರು ಮಾಡ್ತಾರೆ?"

ಇದು ನ್ಯಾಯವಾದ ಪ್ರಶ್ನೆ. ಹೊರಗಿನ ಬಿಲ್ ಹುಟ್ಟುವುದೇ ಕೆಲಸ ತುಂಬಿದಾಗ. ಕೆಲಸ ಇಲ್ಲದ ತಿಂಗಳಲ್ಲಿ ಹೊರಗೆ ಕೊಡುವುದೂ ಇಲ್ಲ, ಉಳಿಯುವುದೂ ಇಲ್ಲ. ಅಲ್ಲೇ ಕೂತು ಲೆಕ್ಕ ಹಾಕಿದೆವು. ವ್ಯೂಗಳು ಅರ್ಧಕ್ಕೆ ಇಳಿದರೆ ತಿಂಗಳಿಗೆ ₹5,000, ವಿದ್ಯುತ್ ಕಳೆದು ₹4,500 ಆಸುಪಾಸು. ಆಗ 56 ತಿಂಗಳು ಬೇಕು. ಅಂದರೆ ವಾರಂಟಿ ಮುಗಿದ ಮೇಲೂ ಒಂದೂವರೆ ವರ್ಷಕ್ಕಿಂತ ಜಾಸ್ತಿ ಮೆಷಿನ್ ಕೆಡದೆ ಓಡಬೇಕು. ಒಂದು ಮಟ್ಟಿಗೆ ಅದೃಷ್ಟದ ಮಾತು. ಬಿಲ್ ಪಟ್ಟಿಯಲ್ಲಿ ಆಷಾಢದ ತಿಂಗಳೂ ಸೇರಿತ್ತು, ಆ ತಿಂಗಳು ಎರಡೇ ವ್ಯೂ ಹೊರಗೆ ಹೋಗಿದ್ದವು. ಸರಾಸರಿಯಲ್ಲಿ ಅದು ಆಗಲೇ ಬಂದಿದೆ ಅಂತ ತೋರಿಸಿದೆ. ಅವರು ಪಟ್ಟಿಯ ಮೇಲೆ ಪೆನ್ನಿನಿಂದ ಆ ಎರಡು ಸಾಲಿಗೆ ಗೆರೆ ಎಳೆದರು.

ಎರಡನೇ ಪ್ರಶ್ನೆ, ಕಂತಿನಲ್ಲಿ ಕೊಡುತ್ತಾರಾ? ಅಂಗಡಿಯವರು ಅರ್ಧ ಮುಂಗಡ, ಉಳಿದದ್ದು ಮೂವತ್ತು ದಿನಕ್ಕೆ ಅಂತ ಒಪ್ಪಿದ್ದರು. ಅದನ್ನು ಮೇಲ್‌ನಲ್ಲೇ ಬರೆದಿದ್ದರೆ ಒಳ್ಳೆಯದಿತ್ತು. ಸಣ್ಣ ಆಫೀಸಿನಲ್ಲಿ ಒಟ್ಟು ಎಷ್ಟು ಅನ್ನುವುದಕ್ಕಿಂತ ಈ ತಿಂಗಳು ಎಷ್ಟು ಅನ್ನುವುದೇ ಎಷ್ಟೋ ಸಲ ದೊಡ್ಡದು. ಕಾರ್ಖಾನೆಗೆ ಪ್ಲೈವುಡ್ ದುಡ್ಡು, ಕಾರ್ಪೆಂಟರ್‌ಗಳ ವಾರದ ಬಟವಾಡೆ, ಜಿಎಸ್‌ಟಿ ರಿಟರ್ನ್, ಎಲ್ಲ ಅದೇ ಖಾತೆಯಿಂದ ಹೋಗಬೇಕು. ಜಿಎಸ್‌ಟಿ ಕ್ರೆಡಿಟ್ ವಾಪಸ್ ಬರುತ್ತದೆ ನಿಜ, ಆದರೆ ಮೊದಲು ಕೈಯಿಂದ ಹೋಗುತ್ತದೆ.

ಒಪ್ಪಿದರು. ಒಂದು ಷರತ್ತು ಹಾಕಿದರು: ಮೂರು ತಿಂಗಳಿಗೊಮ್ಮೆ ಹೊರಗಿನ ರೆಂಡರ್ ಬಿಲ್ ಪಟ್ಟಿ ಅವರ ಟೇಬಲ್ ಮೇಲೆ ಇರಬೇಕು, ಹಳೆಯ ಆರು ತಿಂಗಳ ಪಟ್ಟಿ ಅದರ ಪಕ್ಕದಲ್ಲಿ.

ಮೊದಲ ಮೂರು ತಿಂಗಳಲ್ಲಿ ಹೊರಗೆ ಹೋದದ್ದು ಐದು ವ್ಯೂ. ಮೂರು ಹೊರನೋಟ, ಅದು ನಿರೀಕ್ಷಿಸಿದ್ದೇ. ಉಳಿದ ಎರಡು ಒಳಾಂಗಣದ ವ್ಯೂ. ಆ ವಾರ ರೆಂಡರ್ ಮಾಡುವ ಇಬ್ಬರಲ್ಲಿ ಒಬ್ಬರು ರಜೆಯಲ್ಲಿದ್ದರು. ಮೆಷಿನ್ ಖಾಲಿ ಇತ್ತು, ಕೂರುವವರು ಇರಲಿಲ್ಲ. ಪಟ್ಟಿಯಲ್ಲಿ ಆ ಎರಡರ ಮುಂದೆ ಹಾಗೇ ಬರೆದು ಕೊಟ್ಟೆವು. ಸರ್ ಅದನ್ನು ಓದಿ, ಡ್ರಾಯಿಂಗ್ ಮಾಡುವ ಇಬ್ಬರಲ್ಲಿ ಒಬ್ಬರಿಗೆ ವಿ-ರೇ ಕಲಿಸೋಕೆ ಎಷ್ಟು ದಿನ ಬೇಕು ಅಂತ ಕೇಳಿದ್ದಾರೆ. ರಜೆಯಲ್ಲಿರುವವರ ಲೈಸೆನ್ಸ್‌ನಲ್ಲೇ ಅವರೂ ಕೆಲಸ ಮಾಡಬಹುದಾ, ಇಲ್ಲಾ ಇನ್ನೊಂದು ತೆಗೆಯಬೇಕಾ, ಅದರ ಬೆಲೆ ಎಷ್ಟು ಅಂತ ಈಗ ವಿಚಾರಿಸುತ್ತಿದ್ದೇನೆ.